ಗೋಡೆ ಸರಿಸಿದ ಮೇಲೆ ಆರ್ಕಿಟೆಕ್ಟ್‌ಗೆ ಬರೆದ ಪತ್ರ: ಒಂದು ಪ್ರಕರಣ ಅಧ್ಯಯನ

ಎರಡು ಮಹಡಿಯ ಮನೆ. ನೆಲಮಟ್ಟದಲ್ಲಿ ಕಾಲಂಗಳನ್ನು ಜೋಡಿಸಿ ಗೋಡೆಗಳನ್ನು ಹೊರುವ ಪ್ಲಿಂತ್ ಬೀಮ್ ಮುಗಿದು, ಒಳಗೆ ಮಣ್ಣು ತುಂಬಿಸಿ, ನೆಲಮಹಡಿಯ ಕಾಲಂಗಳು ಎದ್ದು ನಿಂತಿವೆ. ಗೋಡೆ ಇನ್ನೂ ಶುರುವಾಗಿಲ್ಲ. ತಿಂಗಳ 12ರಿಂದ ಸ್ಲ್ಯಾಬಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸ, 22ಕ್ಕೆ ಸ್ಲ್ಯಾಬ್ ಕಾಂಕ್ರೀಟ್ ಎಂದು ಕಂಟ್ರಾಕ್ಟರ್ ದಿನ ಹೇಳಿದ್ದಾರೆ. ಈ ಹೊತ್ತಿಗೆ ಮನೆಯವರ ಮನಸ್ಸು ಬದಲಾಯಿತು. ಮನೆಯ ಹಿರಿಯರೊಬ್ಬರಿಗೆ ಗಾಲಿಕುರ್ಚಿ ಬೇಕಾಗಿ ಬಂದದ್ದರಿಂದ ಕೆಳಗಿನ ಮಲಗುವ ಕೋಣೆಗೆ ಹೊಂದಿಕೊಂಡೇ ಶೌಚಾಲಯ ಬೇಕು. ಅದಕ್ಕಾಗಿ ಪಕ್ಕದ ಸ್ಟೋರ್ ರೂಮನ್ನು ಬಿಟ್ಟುಕೊಡಬೇಕು. ಸ್ಟೋರ್ ಹೋದರೆ ಅಡುಗೆಮನೆ ದೊಡ್ಡದಾಗಬೇಕು.

ಬದಲಾವಣೆ ದೊಡ್ಡದೇನಲ್ಲ. ಹೊರಗೋಡೆ ಅಲುಗುವುದಿಲ್ಲ, ಕಾಲಂ ಅಲುಗುವುದಿಲ್ಲ, ಕಟ್ಟಿದ್ದನ್ನು ಒಡೆಯುವ ಪ್ರಶ್ನೆಯೂ ಇಲ್ಲ. ಎಲ್ಲವೂ ಇನ್ನೂ ಕಾಗದದ ಮೇಲೇ ಇರುವುದರಿಂದ ಒಂದು ಪತ್ರದಲ್ಲಿ ಮುಗಿಯಬಹುದಾದ ಕೆಲಸ. ಆದರೂ ಮೊದಲ ಸಲ ಅದು ಕೆಟ್ಟಿತು. ಕೆಟ್ಟದ್ದು ಏಕೆ, ಎರಡನೆಯ ಪತ್ರದಲ್ಲಿ ಏನು ಬದಲಾಯಿತು ಎಂಬುದೇ ಈ ಪ್ರಕರಣ.

ಮೂರು ಸಾಲಿನ ಸಂದೇಶ

ಮೊದಲು ಹೋದದ್ದು ಪತ್ರವಲ್ಲ, ಫೋನಿನಲ್ಲಿ ಒಂದು ಸಂದೇಶ:

"ಸರ್, ಕೆಳಗಿನ ಬಾತ್‌ರೂಮ್ ದೊಡ್ಡದು ಮಾಡಿ ಬೆಡ್‌ರೂಮಿನಿಂದ ಬಾಗಿಲು ಕೊಡಿ. ಅಡುಗೆಮನೆನೂ ಸ್ವಲ್ಪ ದೊಡ್ಡದಾಗಲಿ. ಹೊಸ ಪ್ಲ್ಯಾನ್ ಬೇಗ ಕಳಿಸಿ."

ಮೂರು ದಿನಕ್ಕೆ ಆರ್ಕಿಟೆಕ್ಟ್ ಕಚೇರಿಯಿಂದ ನೆಲಮಹಡಿಯ ಪ್ಲ್ಯಾನ್ ಬಂತು, ರಿವಿಷನ್ 3. ಕೇಳಿದ್ದೆಲ್ಲ ಅದರಲ್ಲಿತ್ತು, ಬೇಕಾದದ್ದು ಮಾತ್ರ ಇರಲಿಲ್ಲ. ಬಾತ್‌ರೂಮನ್ನು ಯಾವ ಕಡೆಗೆ ದೊಡ್ಡದು ಮಾಡಬೇಕೆಂದು ಸಂದೇಶ ಹೇಳಿರಲಿಲ್ಲ. ಹಾಗಾಗಿ ಡ್ರಾಫ್ಟ್ಸ್‌ಮನ್ ಸ್ಟೋರ್ ಉಳಿಸಿಕೊಂಡು, ಉತ್ತರದ ಗೋಡೆಯನ್ನು ಮಲಗುವ ಕೋಣೆಯೊಳಗೆ 2 ಅಡಿ ತಳ್ಳಿದ್ದರು. 12 ಅಡಿ ಇದ್ದ ಕೋಣೆ 10 ಅಡಿಗೆ ಇಳಿಯಿತು. ಮಂಚದ ಉದ್ದ 6 ಅಡಿ 6 ಇಂಚು, ಎದುರಿನ ಕಪಾಟಿನ ಆಳ 2 ಅಡಿ. ಇವೆರಡನ್ನು ಕಳೆದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಯಾರಿಗಾಗಿ ಬದಲಾವಣೆ ಮಾಡಿದರೋ ಅವರ ಗಾಲಿಕುರ್ಚಿ ಮಂಚದ ಬುಡಕ್ಕೇ ನಿಂತುಹೋಗುತ್ತದೆ. ಬಾಗಿಲು ಬೆಡ್‌ರೂಮಿನ ಕಡೆಗೆ ಬಂದಿತ್ತು ನಿಜ, ಆದರೆ ಅದೇ ಹಳೆಯ 2 ಅಡಿ 6 ಇಂಚಿನ ಬಾಗಿಲು.

ಇದರಲ್ಲಿ ಆರ್ಕಿಟೆಕ್ಟ್‌ರನ್ನು ದೂರಿ ಉಪಯೋಗವಿಲ್ಲ. ಗಾಲಿಕುರ್ಚಿಯ ವಿಷಯ ಅವರಿಗೆ ಯಾರೂ ಹೇಳಿರಲೇ ಇಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳದಂಥದ್ದು. ಬಂದದ್ದು ಪ್ಲ್ಯಾನ್ ಒಂದೇ. ಬೀಮ್-ಸ್ಲ್ಯಾಬ್ ಡ್ರಾಯಿಂಗ್, ವಿದ್ಯುತ್ ಡ್ರಾಯಿಂಗ್, ನೀರು-ಒಳಚರಂಡಿ ಡ್ರಾಯಿಂಗ್ ಎಲ್ಲವೂ ರಿವಿಷನ್ 2ರಲ್ಲೇ ಉಳಿದವು. "ಹೊಸ ಪ್ಲ್ಯಾನ್ ಕಳಿಸಿ" ಎಂದು ಕೇಳಿದರೆ ಕಚೇರಿ ಪ್ಲ್ಯಾನ್ ಕಳಿಸುತ್ತದೆ. ಸೈಟಿನಲ್ಲಿ ಮೇಸ್ತ್ರಿ ಹೊಸ ಹಾಳೆ ನೋಡಿ ಗೋಡೆ ಕಟ್ಟುತ್ತಾನೆ, ಎಲೆಕ್ಟ್ರಿಷಿಯನ್ ಹಳೆಯ ಹಾಳೆ ನೋಡಿ ಪೈಪ್ ಬಿಡುತ್ತಾನೆ, ಇಬ್ಬರೂ ತಮ್ಮ ತಮ್ಮ ಹಾಳೆಯ ಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡಿರುತ್ತಾರೆ. ತಪ್ಪು ಗೊತ್ತಾಗುವುದು ಸ್ಲ್ಯಾಬ್ ಬಿದ್ದ ಮೇಲೆ.

ಅದೃಷ್ಟಕ್ಕೆ ರಿವಿಷನ್ 3 ಸೈಟಿಗೆ ಹೋಗುವ ಮೊದಲೇ ಮನೆಯವರು ಟೇಪ್ ಹಿಡಿದು ಮಂಚದ ಲೆಕ್ಕ ಹಾಕಿದ್ದರು. ತಿಂಗಳ 1ನೇ ತಾರೀಖು, ಈ ಸಲ ಕೂತು ಬರೆದ ಪತ್ರ ಹೋಯಿತು.

ಎರಡನೆಯ ಪತ್ರ

ವಿಷಯ: ನೆಲಮಹಡಿಯ ಕೋಣೆಗಳ ಹಂಚಿಕೆಯಲ್ಲಿ ಬದಲಾವಣೆ – ಪರಿಷ್ಕೃತ ಡ್ರಾಯಿಂಗ್‌ಗಳಿಗಾಗಿ ಕೋರಿಕೆ
ಆಧಾರ: ಡ್ರಾಯಿಂಗ್ ಎ-101, ರಿವಿಷನ್ 2

ಮಾನ್ಯರೇ,

ನಮಸ್ಕಾರ. ಕಳೆದ ವಾರ ಫೋನಿನಲ್ಲಿ ಕಳಿಸಿದ ಸಂದೇಶದಲ್ಲಿ ನಾವು ವಿವರ ಕೊಟ್ಟಿರಲಿಲ್ಲ. ಅದರ ಮೇಲೆ ತಾವು ಕಳಿಸಿದ ರಿವಿಷನ್ 3 ಅನ್ನು ಸೈಟಿಗೆ ಕೊಟ್ಟಿಲ್ಲ. ದಯವಿಟ್ಟು ಅದನ್ನು ರದ್ದೆಂದು ಪರಿಗಣಿಸಿ, ರಿವಿಷನ್ 2ರ ಮೇಲೆಯೇ ಕೆಳಗಿನ ಬದಲಾವಣೆಗಳನ್ನು ಮಾಡಿಕೊಡಬೇಕೆಂದು ಕೋರುತ್ತೇವೆ. ರಿವಿಷನ್ 2ರ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಇದರೊಂದಿಗೆ ಇಟ್ಟಿದ್ದೇವೆ. ಗುರುತಿಗೂ ಪತ್ರಕ್ಕೂ ವ್ಯತ್ಯಾಸ ಕಂಡರೆ ಪತ್ರದಲ್ಲಿರುವುದೇ ಸರಿ.

ಕಾರಣ: ಮನೆಯ ಹಿರಿಯರು ಇನ್ನು ಮುಂದೆ ಗಾಲಿಕುರ್ಚಿ ಬಳಸಲಿದ್ದಾರೆ. ಕುರ್ಚಿಯ ಹೊರ ಅಗಲ 26 ಇಂಚು. ಕೆಳಗಿನ ಮಲಗುವ ಕೋಣೆ ಅವರದು.

1. ಶೌಚಾಲಯ. ಈಗಿನ ಶೌಚಾಲಯ (4 ಅಡಿ 6 ಇಂಚು × 8 ಅಡಿ) ಮತ್ತು ಅದರ ಪೂರ್ವಕ್ಕಿರುವ ಸ್ಟೋರ್ (3 ಅಡಿ × 8 ಅಡಿ) ನಡುವಿನ 4 ಇಂಚಿನ ಗೋಡೆ ಬೇಡ. ಎರಡೂ ಸೇರಿ ಒಂದೇ ಶೌಚಾಲಯವಾಗಲಿ. ಓಣಿಯ ಕಡೆಯ ಎರಡೂ ಬಾಗಿಲು ಮುಚ್ಚಲಿ. ಉತ್ತರದ ಗೋಡೆಯ ಪೂರ್ವ ತುದಿಯಲ್ಲಿ ಮಲಗುವ ಕೋಣೆಯಿಂದ ಬಾಗಿಲು ಬರಲಿ. ಬಾಗಿಲು ತೆರೆದಾಗ ದಾಟಲು ಸಿಗುವ ಜಾಗ 34 ಇಂಚಿಗೆ ಕಡಿಮೆ ಇರಬಾರದು. ಅದು ಮಲಗುವ ಕೋಣೆಯ ಕಡೆಗೆ ತೆರೆಯಲಿ. ಹೊಸ್ತಿಲು ಬೇಡ. ಟೈಲ್ಸ್ ಹಾಕಿದ ಮೇಲೆ ಒಳಗೆ 5 ಅಡಿ ವ್ಯಾಸದ ಬಯಲು ಉಳಿಯಬೇಕು. ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ ಕಂಬಿ ಹಾಕುವುದರಿಂದ ಅದು ಗಟ್ಟಿ ಬ್ಲಾಕಿನದಾಗಿರಲಿ.

2. ಮಲಗುವ ಕೋಣೆ. ಅಳತೆ 11 ಅಡಿ × 12 ಅಡಿ, ಹಾಗೆಯೇ ಇರಲಿ. ಹೊಸ ಬಾಗಿಲಿಗಾಗಿ ದಕ್ಷಿಣ ಗೋಡೆಯ ಕಪಾಟನ್ನು 7 ಅಡಿಯಿಂದ 4 ಅಡಿಗೆ ಇಳಿಸಿ.

3. ಅಡುಗೆಮನೆ. ಊಟದ ಕೋಣೆಯ ಕಡೆಯ ಗೋಡೆಯನ್ನು 2 ಅಡಿ ಊಟದ ಕೋಣೆಯೊಳಗೆ ಸರಿಸಿ. ಅಡುಗೆಮನೆಯ ಅಗಲ 8 ಅಡಿಯಿಂದ 10 ಅಡಿ ಆಗಬೇಕು. ಗೋಡೆ 6 ಇಂಚಿನ ಬದಲು 4 ಇಂಚು ಸಾಕಾದರೆ ಉಳಿಯುವ 2 ಇಂಚು ಊಟದ ಕೋಣೆಗೆ ಸೇರಲಿ.

ಬದಲಾಗಬಾರದವು: ಹೊರಗೋಡೆಗಳು, ಕಾಲಂಗಳು, ಮೆಟ್ಟಿಲು, ಮೇಲಿನ ಮಹಡಿ ಪೂರ್ತಿ. ಪಶ್ಚಿಮದ ಪ್ಲಿಂತ್ ಬೀಮಿನಲ್ಲಿ ಕಮೋಡಿನ ಪೈಪಿಗೆಂದು ಬಿಟ್ಟಿರುವ ಸ್ಲೀವ್ ಈಗಾಗಲೇ ಕಾಂಕ್ರೀಟಿನಲ್ಲಿದೆ, ಕಮೋಡ್ ಅದೇ ಗೋಡೆಗೆ ಇರಲಿ.

ತಾವು ಹೇಳಬೇಕಾದವು: (ಅ) ಅಡುಗೆಮನೆಯ ಈಗಿನ ಗೋಡೆಯ ಮೇಲೆ ಬೀಮ್-ಸ್ಲ್ಯಾಬ್ ಡ್ರಾಯಿಂಗ್ ಎಸ್-04ರಲ್ಲಿ ಬೀಮ್ ಇದೆ. ಗೋಡೆ ಸರಿದ ಮೇಲೆ ಬೀಮ್ ಎಲ್ಲಿರುತ್ತದೆ? (ಆ) ಸರಿದ ಗೋಡೆಯ ಕೆಳಗೆ ಪ್ಲಿಂತ್ ಬೀಮ್ ಇಲ್ಲ. ಅದಕ್ಕೆ ಏನು ಆಧಾರ? ಇವೆರಡನ್ನೂ ದಯವಿಟ್ಟು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಳಿಸಿ ಅವರ ಲಿಖಿತ ಉತ್ತರ ಕೊಡಿಸಿ. (ಇ) ಮಂಜೂರಾದ ನಕ್ಷೆಯನ್ನು ಇದಕ್ಕಾಗಿ ತಿದ್ದಿಸಬೇಕೇ?

ಸೈಟಿನ ಸ್ಥಿತಿ: ನೆಲಮಹಡಿಯ ಕಾಲಂ ಮುಗಿದಿದೆ. ಸೆಂಟ್ರಿಂಗ್ 12ರಂದು, ಸ್ಲ್ಯಾಬ್ 22ರಂದು. ಆದ್ದರಿಂದ ಎ-101 (ಪ್ಲ್ಯಾನ್), ಎಸ್-04 (ಬೀಮ್ ಮತ್ತು ಸ್ಲ್ಯಾಬ್), ಇ-01 (ಸ್ಲ್ಯಾಬಿನ ವಿದ್ಯುತ್ ಪೈಪ್) ಇವು ಮೂರು 9ನೇ ತಾರೀಖಿನೊಳಗೆ ಬೇಕು. ಪಿ-01 (ನೀರು ಮತ್ತು ಒಳಚರಂಡಿ), ಎ-401 (ಶೌಚಾಲಯದ ವಿವರ), ಎ-501 (ಬಾಗಿಲು-ಕಿಟಕಿ ಪಟ್ಟಿ) ಇವು 30ರೊಳಗೆ ಬಂದರೆ ಸಾಕು. ಎಸ್-04ರಲ್ಲಿ ಬದಲಾವಣೆ ಇಲ್ಲವೆಂದಾದರೆ ಹಾಗೆಂದು ಬರೆದು ತಿಳಿಸಿದರೂ ಸಾಕು.

ನಮ್ಮ ಒಪ್ಪಂದದಲ್ಲಿ ಸೇರಿರುವ ಪರಿಷ್ಕರಣೆಗಳನ್ನು ಇದು ಮೀರುವುದಾದರೆ ಹೆಚ್ಚುವರಿ ಶುಲ್ಕವನ್ನು ಕೆಲಸ ಶುರುಮಾಡುವ ಮೊದಲು ತಿಳಿಸಬೇಕಾಗಿ ವಿನಂತಿ. ಈ ಜಾಗಗಳಲ್ಲಿ ಹೊಸ ಡ್ರಾಯಿಂಗ್ ಬರುವವರೆಗೆ ಕೆಲಸ ಮಾಡಬಾರದೆಂದು ಕಂಟ್ರಾಕ್ಟರ್‌ಗೆ ತಿಳಿಸಿದ್ದೇವೆ, ಪತ್ರದ ಪ್ರತಿಯನ್ನೂ ಕೊಟ್ಟಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಮನೆ ಮಾಲೀಕರು

ಪತ್ರದೊಳಗೆ ಏನಿದೆ

ಮೊದಲು ಆಧಾರದ ಸಾಲನ್ನು ನೋಡಿ. ರಿವಿಷನ್ 3 ಬಂದಾಗಿದೆ. "ಇನ್ನೂ ಸ್ವಲ್ಪ ಬದಲಾವಣೆ ಇದೆ" ಎಂದಷ್ಟೇ ಬರೆದಿದ್ದರೆ ಕಚೇರಿ ಅದನ್ನೇ ತೆರೆದು ಅದರ ಮೇಲೆ ತಿದ್ದುತ್ತಿತ್ತು. ಆಗ 10 ಅಡಿಯ ಮಲಗುವ ಕೋಣೆ ಸದ್ದಿಲ್ಲದೆ ಉಳಿದುಬಿಡುತ್ತಿತ್ತು. ಯಾವ ಹಾಳೆಯ ಮೇಲೆ ತಿದ್ದಬೇಕು, ಯಾವುದು ಸತ್ತ ಹಾಳೆ ಎಂದು ಮೊದಲೇ ಹೇಳಿದ್ದರಿಂದ ಆ ಗೊಂದಲ ತಪ್ಪಿತು. ಕೆಂಪು ಗುರುತಿನ ಪ್ರತಿ ಜೊತೆಗಿರಬೇಕು, ಬಾಯಲ್ಲಿ ಹೇಳಿದ ಗೋಡೆಗಿಂತ ಗೆರೆ ಎಳೆದ ಗೋಡೆ ಬೇಗ ಅರ್ಥವಾಗುತ್ತದೆ. ಆದರೆ ಕೈಯಲ್ಲಿ ಎಳೆದ ಗೆರೆ ಅಳತೆಗೆ ಸರಿಯಾಗಿರುವುದಿಲ್ಲ. ಎರಡರಲ್ಲಿ ಯಾವುದು ಮಾನ್ಯ ಎಂಬ ಒಂದು ವಾಕ್ಯ ಅದಕ್ಕಾಗಿಯೇ ಇದೆ.

ಇನ್ನು ಬಾಗಿಲು. "ದೊಡ್ಡ ಬಾಗಿಲು" ಎಂದು ಬರೆಯದೆ ದಾಟಲು ಸಿಗುವ ಜಾಗವನ್ನು ಬರೆದದ್ದು ಈ ಪತ್ರದಲ್ಲೇ ಒಳ್ಳೆಯ ವಾಕ್ಯ. ಬಾಗಿಲು-ಕಿಟಕಿ ಪಟ್ಟಿಯಲ್ಲಿ ಬರೆಯುವ ಅಳತೆ ಸಾಮಾನ್ಯವಾಗಿ ಚೌಕಟ್ಟಿನ ಹೊರ ಅಳತೆ. ಹಳೆಯ 2 ಅಡಿ 6 ಇಂಚು ಎಂದರೆ 30 ಇಂಚು. ಚೌಕಟ್ಟು ಎರಡೂ ಬದಿಯಲ್ಲಿ ತಲಾ 2 ಇಂಚು ತಿಂದರೆ 26 ಉಳಿಯಿತು. ಬಾಗಿಲ ಹಲಗೆ ಪೂರ್ತಿ ಹಿಂದಕ್ಕೆ ಮಡಚದೆ ನೇರವಾಗಿ ನಿಂತಾಗ ಅದರ ದಪ್ಪ ಇನ್ನೂ ಒಂದು ಇಂಚು ಚಿಲ್ಲರೆ. ಕೊನೆಗೆ 25 ಇಂಚೂ ಸಿಗುವುದಿಲ್ಲ, ಕುರ್ಚಿ 26 ಇಂಚು. ಮೇಲಾಗಿ ಗಾಲಿ ತಳ್ಳುವ ಕೈಬೆರಳುಗಳಿಗೂ ಜಾಗ ಬೇಕು. 34 ಇಂಚು ಬಿಡುವು ಬೇಕೆಂದರೆ ಲೆಕ್ಕ ಹಿಂದಕ್ಕೆ ಹೋಗಬೇಕು: 34, ಅದಕ್ಕೆ ಚೌಕಟ್ಟಿನ 4, ಹಲಗೆಯ ಒಂದೂಕಾಲು, ಒಟ್ಟು 39 ಚಿಲ್ಲರೆ. ಅಂದರೆ ಚೌಕಟ್ಟು 3 ಅಡಿ 4 ಇಂಚಿನದು. ಈ ಲೆಕ್ಕ ಮಾಡುವುದು ಆರ್ಕಿಟೆಕ್ಟ್ ಕೆಲಸ. ಮಾಲೀಕರು "3 ಅಡಿ ಬಾಗಿಲು ಕೊಡಿ" ಎಂದಿದ್ದರೆ ಪಟ್ಟಿಯಲ್ಲಿ 3 ಅಡಿ ಬರುತ್ತಿತ್ತು, ಬಿಡುವು 31 ಇಂಚಿನ ಹತ್ತಿರ ನಿಲ್ಲುತ್ತಿತ್ತು, ತಪ್ಪು ಯಾರದೂ ಆಗುತ್ತಿರಲಿಲ್ಲ.

ಬಾಗಿಲು ಹೊರಕ್ಕೆ ತೆರೆಯಬೇಕೆಂದದ್ದು ಜಾಗ ಉಳಿಸಲು ಮಾತ್ರವಲ್ಲ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ದೇಹವೇ ಅಡ್ಡವಾಗುತ್ತದೆ.

ಬದಲಾಗಬಾರದವುಗಳ ಸಾಲು ಹೆಚ್ಚಿನ ಪತ್ರಗಳಲ್ಲಿ ಇರುವುದೇ ಇಲ್ಲ. ಒಂದು ಕೋಣೆ ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು. ಎಲ್ಲಿ ಕುಗ್ಗಿಸಬಾರದು ಎಂದು ಹೇಳದಿದ್ದರೆ ಗೆರೆ ಎಳೆಯುವವರಿಗೆ ಸುಲಭವಾದ ಕಡೆ ಕುಗ್ಗುತ್ತದೆ. ರಿವಿಷನ್ 3ರಲ್ಲಿ ಆದದ್ದೂ ಅದೇ. ಸ್ಲೀವ್ ವಿಷಯವಂತೂ ಸೈಟಿಗೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತಿರುವಂಥದ್ದು. ಪ್ಲಿಂತ್ ಬೀಮ್ ಹಾಕುವಾಗಲೇ 4 ಇಂಚಿನ ಕೊಳಚೆ ಪೈಪ್ ಹೊರಗೆ ಹೋಗಲೆಂದು ತೂತು ಬಿಟ್ಟಿರುತ್ತಾರೆ. ಕಮೋಡನ್ನು ಬೇರೆ ಗೋಡೆಗೆ ಒಯ್ದರೆ ಪೈಪ್ ಬೀಮಿನ ಅಡಿಯಲ್ಲಿ ನುಸುಳಬೇಕು, ಇಲ್ಲವೇ ಯಾರೋ ಬೀಮನ್ನು ಕೊರೆಯುತ್ತಾರೆ. ಕೊರೆಯುವಾಗ ಕಂಬಿ ಸಿಕ್ಕಿದರೆ ಅದನ್ನೂ ಕತ್ತರಿಸುತ್ತಾರೆ, ಯಾರಿಗೂ ಹೇಳುವುದಿಲ್ಲ.

ನಿರ್ಧಾರ ಬೇರೆ, ಪ್ರಶ್ನೆ ಬೇರೆ ಎಂದು ಪತ್ರ ಬಿಡಿಸಿಟ್ಟಿದೆ. ಶೌಚಾಲಯ ಎಲ್ಲಿರಬೇಕು ಎಂಬುದು ಮನೆಯವರ ನಿರ್ಧಾರ. ಬೀಮ್ ಎಲ್ಲಿರಬೇಕು ಎಂಬುದು ಅವರ ನಿರ್ಧಾರವಲ್ಲ. "ಬೀಮನ್ನೂ 2 ಅಡಿ ಸರಿಸಿ" ಎಂದು ಬರೆಯುವ ಮಾಲೀಕರಿದ್ದಾರೆ. ಕಾಲಂನಿಂದ ಕಾಲಂಗೆ ಹೋಗುವ ಬೀಮ್ ಸರಿಸಲು ಕಾಲಂ ಸರಿಯಬೇಕು, ಕಾಲಂ ಸರಿಯಲು ಅಡಿಪಾಯ ಸರಿಯಬೇಕು.

ದಿನಾಂಕಗಳನ್ನು ಎರಡು ಕಂತಾಗಿ ಕೇಳಿದ್ದು ಬರೀ ಸೌಜನ್ಯವಲ್ಲ. "ಎಲ್ಲ ಡ್ರಾಯಿಂಗ್ ಅರ್ಜೆಂಟ್" ಎಂದರೆ ಕಚೇರಿ ತನಗೆ ಸುಲಭವಾದದ್ದರಿಂದ ಶುರುಮಾಡುತ್ತದೆ. ಶೌಚಾಲಯದ ಟೈಲ್ಸ್ ವಿವರ ಮೊದಲು ಬಂದು, ಸ್ಲ್ಯಾಬಿನ ಹಾಳೆ ಕೊನೆಗೆ ಬರುವುದು ಅಪರೂಪವಲ್ಲ. ಸ್ಲ್ಯಾಬಿನೊಳಗೆ ಹೂತುಹೋಗುವುದು ಯಾವುದೋ ಅದಕ್ಕೆ ಮಾತ್ರ 22ನೇ ತಾರೀಖಿನ ಗಡುವು. ನೆಲದ ಕೆಳಗಿನ ಪೈಪು, ಬಾಗಿಲ ಚೌಕಟ್ಟು, ಟೈಲ್ಸ್ ಇವೆಲ್ಲ ಸೆಂಟ್ರಿಂಗ್ ಬಿಚ್ಚಿದ ಮೇಲಿನ ಮಾತು.

ಬಂದ ಉತ್ತರ

ಆರ್ಕಿಟೆಕ್ಟ್ 4ನೇ ತಾರೀಖಿಗೆ ಉತ್ತರ ಬರೆದರು. ಒಂದು ಪ್ರಶ್ನೆ ಅವರ ಕಡೆಯಿಂದಲೇ ಬಂತು: ಓಣಿಯ ಬಾಗಿಲು ಮುಚ್ಚಿದರೆ ಕೆಳಗೆ ಬಂದ ಅತಿಥಿಗಳು ಮಲಗುವ ಕೋಣೆಯ ಮೂಲಕವೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಒಪ್ಪಿಗೆಯೇ? ಎರಡು ಬಾಗಿಲು ಇಡಬಹುದಿತ್ತು. ಆದರೆ ಎರಡು ಬಾಗಿಲಿನ ಶೌಚಾಲಯದಲ್ಲಿ ಒಂದರ ಚಿಲಕ ಹಾಕಲು ಮರೆಯುವುದು ನಿತ್ಯದ ಕತೆ, ಜೊತೆಗೆ ಕಂಬಿ ಮತ್ತು ಬೇಸಿನ್ ಹಾಕಲು ಗೋಡೆಯೂ ಸಾಲುವುದಿಲ್ಲ. ಅತಿಥಿಗಳು ಮೇಲಿನ ಮಹಡಿಯದ್ದನ್ನು ಬಳಸಲಿ ಎಂದು ಮನೆಯವರು ಬರೆದು ಒಪ್ಪಿದರು. ಇಂಥ ಒಪ್ಪಿಗೆ ಕಾಗದದಲ್ಲಿ ಇರಲೇಬೇಕು. ಆರು ತಿಂಗಳ ಮೇಲೆ "ಇದನ್ನು ನೀವು ಮೊದಲೇ ಹೇಳಬೇಕಿತ್ತು" ಎಂಬ ಮಾತು ಬಂದಾಗ ಅದೊಂದೇ ಸಾಕ್ಷಿ.

ಎಂಜಿನಿಯರ್ ಉತ್ತರ ಅಡುಗೆಮನೆಗೆ ಸಂಬಂಧಿಸಿದ್ದು. ಹಳೆಯ ಗೋಡೆಯ ಮೇಲಿನ ಬೀಮ್ ಎರಡು ಕಾಲಂಗಳ ನಡುವಿನದು, ಮೇಲಿನ ಮಹಡಿಯ ಗೋಡೆಯೊಂದು ಅದರ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಬೀಮ್ ಅಲ್ಲೇ ಉಳಿಯುತ್ತದೆ, ಎಸ್-04ರಲ್ಲಿ ಬದಲಾವಣೆ ಇಲ್ಲ. ಪರಿಣಾಮ ಮಾತ್ರ ಇದೆ. ಬೀಮಿನ ಒಟ್ಟು ಆಳ 15 ಇಂಚು, ಸ್ಲ್ಯಾಬ್ 5 ಇಂಚು, ಹಾಗಾಗಿ ಛಾವಣಿಯಿಂದ 10 ಇಂಚು ಕೆಳಗೆ ಇಳಿದ ಬೀಮ್ ಹೊಸ ಅಡುಗೆಮನೆಯೊಳಗೆ ಉದ್ದಕ್ಕೆ ಕಾಣುತ್ತದೆ. ಮೊದಲು ಗೋಡೆಯ ತಲೆಯ ಮೇಲೆ ಅಡಗಿದ್ದುದು ಈಗ ಬಯಲಾಗಿದೆ. ಛಾವಣಿಗೆ ತಾಗುವಂತೆ ಮೇಲ್ಕಪಾಟು ಮಾಡಿಸುವವರು ಆ ಬೀಮಿನ ಅಡಿಗೇ ನಿಲ್ಲಬೇಕು. ಹೊಗೆ ಎಳೆಯುವ ಚಿಮಣಿಯ ಕೊಳವೆ ಬೀಮನ್ನು ದಾಟಿ ಹೋಗುವಂತಿದ್ದರೆ ಅದರ ಕೆಳಗೆ ಬಗ್ಗಬೇಕು. ಬೀಮಿಗೆ ತೂತು ಹಾಕುವಂತಿಲ್ಲ.

ಸರಿದ ಗೋಡೆಯ ಕೆಳಗೆ ಬರೀ ತುಂಬಿದ ಮಣ್ಣು. ಅದರ ಮೇಲೆ ತೆಳು ನೆಲದ ಕಾಂಕ್ರೀಟಿನಲ್ಲೇ ಗೋಡೆ ಎಬ್ಬಿಸಿದರೆ ಮಣ್ಣು ಕೂತಂತೆ ಗೋಡೆಯೂ ಕೂರುತ್ತದೆ. ಬೀಮಿನ ಮೇಲೆ ನಿಂತ ಪಕ್ಕದ ಗೋಡೆ ಮಾತ್ರ ಕೂರುವುದಿಲ್ಲ. ಎರಡೂ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಬೀಳುತ್ತದೆ, ಎಷ್ಟು ಸಲ ಪುಟ್ಟಿ ಹಚ್ಚಿದರೂ ಮತ್ತೆ ಬರುತ್ತದೆ. ಎಂಜಿನಿಯರ್ ಗೋಡೆಯನ್ನು 4 ಇಂಚಿನ ಹಗುರ ಬ್ಲಾಕಿನಲ್ಲೇ ಕಟ್ಟಲು ಹೇಳಿ, ಅದರ ಸಾಲಿನುದ್ದಕ್ಕೂ ನೆಲದ ಕಾಂಕ್ರೀಟನ್ನು ದಪ್ಪ ಮಾಡಿ ಕಂಬಿ ಹಾಕುವ ಸಣ್ಣ ವಿವರವನ್ನು ಬರೆದುಕೊಟ್ಟರು. ಅಲ್ಲಿನ ಮಣ್ಣನ್ನು ಇನ್ನೊಮ್ಮೆ ನೀರು ಹಾಕಿ ದಮ್ಮಸು ಮಾಡಬೇಕೆಂದೂ ಸೇರಿಸಿದರು. ಎಷ್ಟು ದಪ್ಪ, ಎಂಥ ಕಂಬಿ ಎಂಬುದು ಆಯಾ ಮನೆಯ ಮಣ್ಣಿಗೆ ಬಿಟ್ಟದ್ದು. ಒಂದು ಮನೆಯ ವಿವರವನ್ನು ಇನ್ನೊಂದಕ್ಕೆ ಎತ್ತಿ ಹಾಕಬಾರದು.

ಮಂಜೂರಾದ ನಕ್ಷೆಯ ಬಗ್ಗೆ, ಹೊರ ಅಳತೆಯಾಗಲಿ ಒಟ್ಟು ವಿಸ್ತೀರ್ಣವಾಗಲಿ ಬದಲಾಗಿಲ್ಲವೆಂದು ತಿಳಿಸಿ, ಮುಂದೇನು ಮಾಡಬೇಕೆಂಬುದನ್ನು ಮಂಜೂರಾತಿ ಕೊಟ್ಟ ಕಚೇರಿಯಲ್ಲಿ ತಾವೇ ಕೇಳಿ ಬರೆದು ತಿಳಿಸುವುದಾಗಿ ಹೇಳಿದರು.

ರಿವಿಷನ್ 4, ಮತ್ತು ಕಳೆದುಹೋದ 4 ಇಂಚು

8ನೇ ತಾರೀಖಿಗೆ ಎ-101 ಮತ್ತು ಇ-01 ಬಂದವು, ರಿವಿಷನ್ 4. ಬದಲಾದ ಜಾಗಗಳ ಸುತ್ತ ಮೋಡದಂಥ ಗೆರೆ, ಪಕ್ಕದಲ್ಲಿ ತ್ರಿಕೋನದೊಳಗೆ 4 ಎಂಬ ಅಂಕಿ, ಕೆಳಗಿನ ಪಟ್ಟಿಯಲ್ಲಿ ತಾರೀಖು ಮತ್ತು ಏನು ಬದಲಾಯಿತೆಂಬ ಒಂದು ಸಾಲು. ಹೊಸ ಡ್ರಾಯಿಂಗ್ ಕೈಗೆ ಬಂದಾಗ ಮೋಡದೊಳಗೆ ನೋಡುವುದು ಎಷ್ಟು ಮುಖ್ಯವೋ ಮೋಡದ ಹೊರಗೆ ನೋಡುವುದೂ ಅಷ್ಟೇ ಮುಖ್ಯ. ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಗೊತ್ತಿಲ್ಲದೆ ಸರಿದ ಗೆರೆಗಳು ತಾವೇ ಕಾಣುತ್ತವೆ.

ಆಮೇಲೆ ಕೂಡುವ ಲೆಕ್ಕ. ಅಡುಗೆಮನೆಯ ಸಾಲಿನಲ್ಲಿ ಹಳೆಯದು 8 ಅಡಿ, ಗೋಡೆ 6 ಇಂಚು, ಊಟದ ಕೋಣೆ 11 ಅಡಿ, ಒಟ್ಟು 19 ಅಡಿ 6 ಇಂಚು. ಹೊಸದು 10 ಅಡಿ, ಗೋಡೆ 4 ಇಂಚು, 9 ಅಡಿ 2 ಇಂಚು, ಅದೂ 19 ಅಡಿ 6 ಇಂಚು. ಸರಿ ಇದೆ.

ಶೌಚಾಲಯದ ಸಾಲು ಕೂಡಲಿಲ್ಲ. ಹೊಸ ಅಗಲ 7 ಅಡಿ 6 ಇಂಚು ಎಂದು ಬರೆದಿತ್ತು. ಶೌಚಾಲಯದ 4 ಅಡಿ 6 ಇಂಚಿಗೆ ಸ್ಟೋರಿನ 3 ಅಡಿ ಸೇರಿಸಿದರೆ ಬರುವುದು ಅಷ್ಟೇ. ಆದರೆ ನಡುವಿನ ಗೋಡೆ ಹೋದಾಗ ಅದರ 4 ಇಂಚೂ ಕೋಣೆಗೇ ಸೇರಬೇಕಲ್ಲ! ನಿಜವಾದ ಅಗಲ 7 ಅಡಿ 10 ಇಂಚು.

4 ಇಂಚು ಏನು ಮಹಾ ಎನ್ನಬಹುದು. ಮೇಸ್ತ್ರಿ ಗೆರೆಯನ್ನು ಅಳೆಯುವುದಿಲ್ಲ, ಬರೆದ ಅಂಕಿಯನ್ನು ಓದುತ್ತಾನೆ, ಓದಬೇಕಾದದ್ದೂ ಅದನ್ನೇ. ಹೊರಗೋಡೆಯಿಂದ 7 ಅಡಿ 6 ಇಂಚಿಗೆ ದಾರ ಕಟ್ಟಿದರೆ ಪೂರ್ವದ ಗೋಡೆ 4 ಇಂಚು ಒಳಗೆ ಬಂದು ಕೆಳಗಿನ ಪ್ಲಿಂತ್ ಬೀಮಿನ ಅಂಚು ಬಿಟ್ಟು ನಿಲ್ಲುತ್ತದೆ. ಇದು ಒಂದು. ಇನ್ನೊಂದು, ಗಾರೆ ಮತ್ತು ಟೈಲ್ಸ್ ಸೇರಿ ಒಂದೊಂದು ಗೋಡೆಯಲ್ಲಿ ಒಂದೂಕಾಲು ಇಂಚು ಹೋಗುತ್ತದೆ, ಎರಡೂ ಕಡೆ ಎರಡೂವರೆ. 7 ಅಡಿ 6 ಇಂಚು ಎಂದರೆ 90, ಉಳಿಯುವುದು 87.5 ಇಂಚು. ಆರಿಸಿದ್ದ ಕಮೋಡ್ ಪಶ್ಚಿಮದ ಗೋಡೆಯಿಂದ 28 ಇಂಚು ಮುಂದಕ್ಕೆ ಬರುತ್ತದೆ. ಅದರ ಮುಂದೆ ಉಳಿದದ್ದು 59.5 ಇಂಚು, ಬೇಕಾದದ್ದು 60. ಗಾಲಿಕುರ್ಚಿ ತಿರುಗುವ ವೃತ್ತ ಅರ್ಧ ಇಂಚಿನಿಂದ ತಪ್ಪಿಹೋಯಿತು. 7 ಅಡಿ 10 ಇಂಚಿನಲ್ಲಿ ಅದೇ ಲೆಕ್ಕ ಮಾಡಿದರೆ 63.5 ಇಂಚು ಸಿಗುತ್ತದೆ. ಪತ್ರದಲ್ಲಿ "ಟೈಲ್ಸ್ ಹಾಕಿದ ಮೇಲೆ" ಎಂಬ ಮೂರು ಪದ ಇಲ್ಲದಿದ್ದರೆ ಈ ತಪ್ಪನ್ನು ತಪ್ಪೆಂದು ತೋರಿಸುವುದೂ ಕಷ್ಟವಾಗುತ್ತಿತ್ತು.

ಎರಡು ಸಾಲಿನ ಮರುಪತ್ರ ಹೋಯಿತು: "ಎ-101, ರಿವಿಷನ್ 4: ಶೌಚಾಲಯದ ಅಗಲ 7 ಅಡಿ 6 ಇಂಚು ಎಂದಿದೆ. ತೆಗೆದ ಗೋಡೆಯ 4 ಇಂಚು ಸೇರಿ 7 ಅಡಿ 10 ಇಂಚು ಆಗಬೇಕಲ್ಲವೇ? ದಯವಿಟ್ಟು ಪರಿಶೀಲಿಸಿ." ಮಾರನೆಯ ದಿನ ರಿವಿಷನ್ 5 ಬಂತು. ಸಣ್ಣ ತಿದ್ದುಪಡಿ, ನಂಬರ್ ಬದಲಿಸುವುದು ಬೇಡ ಎಂದು ಅದೇ ನಂಬರಿನಲ್ಲಿ ಇನ್ನೊಂದು ಹಾಳೆ ಕಳಿಸಿದ್ದರೆ ರಿವಿಷನ್ 4 ಎಂಬ ಹೆಸರಿನ ಎರಡು ಬೇರೆ ಬೇರೆ ಹಾಳೆಗಳು ಸೈಟಿನಲ್ಲಿ ತಿರುಗಾಡುತ್ತಿದ್ದವು. ಕಚೇರಿ ಹಾಗೆ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಅವರ ಶಿಸ್ತು ಮೆಚ್ಚಬೇಕು.

ಎರಡನೆಯ ಕಂತಿನ ಹಾಳೆಗಳು 27ಕ್ಕೆ ಬಂದವು. ಅದರಲ್ಲಿ ಚರ್ಚೆಗೆ ಬಂದದ್ದು ಕಮೋಡ್ ಒಂದೇ. ಸ್ಲೀವ್‌ನ ನಡುಗೆರೆ ದಕ್ಷಿಣದ ಬರಿ ಗೋಡೆಯಿಂದ 15 ಇಂಚಿಗಿದೆ. ಟೈಲ್ಸ್ ಆದ ಮೇಲೆ 14ಕ್ಕೂ ಕಡಿಮೆ. ಪಕ್ಕದ ಕಂಬಿ ಹಿಡಿದು ಏಳುವವರಿಗೆ ಕಮೋಡಿನ ನಡು ಗೋಡೆಯಿಂದ ಸುಮಾರು 18 ಇಂಚಿಗಿರಬೇಕು. ನೆಲದ ಕೆಳಗಿನ ಪೈಪ್ ಇನ್ನೂ ಹಾಕಿರಲಿಲ್ಲ, ಹಾಗಾಗಿ ಪಿ-01ರಲ್ಲಿ ಸ್ಲೀವ್‌ನ ಒಳಗಡೆ ಒಂದು ಓರೆ ತಿರುವು ತೋರಿಸಿ ನಾಲ್ಕು ಇಂಚು ಚಿಲ್ಲರೆ ಸರಿಸಿದರು. ಇಳಿಜಾರು 40ಕ್ಕೆ 1 ಎಂದು ಅಲ್ಲೇ ಬರೆದರು. ಇಷ್ಟನ್ನು ನೆಲದ ಕಾಂಕ್ರೀಟ್ ಆದ ಮೇಲೆ ಕೇಳಿದ್ದರೆ ಅಗೆಯಬೇಕಾಗಿತ್ತು.

ಸೈಟಿನಲ್ಲಿ

ರಿವಿಷನ್ 5 ಬಂದ ದಿನವೇ ಹಳೆಯ ಹಾಳೆಗಳನ್ನು ಸೈಟಿನಿಂದ ಎತ್ತಿಸಿ, ಪ್ರತಿಯೊಂದರ ಮೇಲೆ "ರದ್ದು" ಎಂದು ಅಡ್ಡ ಗೆರೆ ಎಳೆದು, ಹೊಸದಕ್ಕೆ ಕಂಟ್ರಾಕ್ಟರ್ ಸಹಿ ಪಡೆದರು. ಆದರೂ 20ನೇ ತಾರೀಖು, ಕಂಬಿ ಕಟ್ಟಿ ಮುಗಿದು ವಿದ್ಯುತ್ ಪೈಪುಗಳು ಕಟ್ಟಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಟೇಪ್ ಹಿಡಿದು ನೋಡಿದರೆ, ಊಟದ ಕೋಣೆಯ ಫ್ಯಾನ್ ಬಾಕ್ಸ್ ದೂರದ ಗೋಡೆಯ ಗುರುತಿನಿಂದ 5 ಅಡಿ 6 ಇಂಚಿಗಿತ್ತು. ಅದು 11 ಅಡಿ ಕೋಣೆಯ ನಡು. 9 ಅಡಿ 2 ಇಂಚಿನ ಕೋಣೆಗೆ ಅದು 4 ಅಡಿ 7 ಇಂಚಿಗಿರಬೇಕು. ಹೊಸ ಹಾಳೆ ಸೆಂಟ್ರಿಂಗ್ ಮೇಲೆಯೇ ಬಿದ್ದಿತ್ತು. ಎಲೆಕ್ಟ್ರಿಷಿಯನ್ ಮಾತ್ರ ಹಿಂದಿನ ತಿಂಗಳು ಫೋನಿನಲ್ಲಿ ತೆಗೆದಿಟ್ಟುಕೊಂಡ ರಿವಿಷನ್ 2ರ ಫೋಟೋ ನೋಡಿಕೊಂಡು ಕೆಲಸ ಮಾಡುತ್ತಿದ್ದ. ಬೈಂಡಿಂಗ್ ವೈರ್ ಬಿಚ್ಚಿ ಬಾಕ್ಸನ್ನು 11 ಇಂಚು ಸರಿಸಿ ಮತ್ತೆ ಕಟ್ಟಲು ಹತ್ತು ನಿಮಿಷ ಹಿಡಿಯಿತು. ಫೋಟೋ ಅಲ್ಲೇ ಅಳಿಸಿಸಿದರು.